ಬಾಕಿ ಕೆಲಸ ಮುಂದಿನ ಸಭೆಗೆ ತಾನಾಗಿಯೇ ಬರಬೇಕು

(ಗದಗಿನಲ್ಲಿ ಸಹಕಾರ ಸಂಘಗಳ ಮತ್ತು ರೈತ ಉತ್ಪಾದಕ ಕಂಪನಿಗಳ ಕಾರ್ಯದರ್ಶಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಗೋಡೆಯ ಮೇಲೆ ತೋರಿಸಿದ ಹಾಳೆಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ನಿಮ್ಮಲ್ಲಿ ಯಾರ ಸಭಾ ಸೂಚನಾ ಪತ್ರ ತೆಗೆದು ನೋಡಿದರೂ ಮೊದಲ ಎರಡು ವಿಷಯ ಒಂದೇ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಆಮೇಲೆ ಅನುಪಾಲನಾ ವರದಿ. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಇಲ್ಲೇ ಕಣಗಿನಹಾಳದಲ್ಲಿ. ನಡಾವಳಿ ಬರೆಯುವುದನ್ನು ಈ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ತೊಡಕಿರುವುದು ಎರಡನೇ ವಿಷಯದಲ್ಲಿ. ಹಿಂದಿನ ಸಭೆಯಲ್ಲಿ ಹೇಳಿದ ಕೆಲಸ ಆಯಿತೋ ಇಲ್ಲವೋ ಎಂದು ಕೇಳುತ್ತೇವೆ. ಅದರ ಹಿಂದಿನ ಸಭೆಯಲ್ಲಿ ಹೇಳಿ ಉಳಿದುಹೋದದ್ದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಎರಡು ಪುಟ ಹಿಂದೆ ಹೋಗಿರುತ್ತದೆ.

ಇದನ್ನು ಸರಿಪಡಿಸಲು ಕೆಲವು ಸಂಘಗಳಲ್ಲಿ ಎಕ್ಸೆಲ್ ಫೈಲು ಮಾಡಿದ್ದಾರೆ. ನಾನು ನೋಡಿದವುಗಳ ರೂಪ ಹೆಚ್ಚುಕಡಿಮೆ ಒಂದೇ. ಕೆಳಗಡೆ ಜೂನ್, ಜುಲೈ, ಆಗಸ್ಟ್ ಎಂದು ಸಭೆಗೊಂದು ಹಾಳೆ. ಹೊಸ ಸಭೆ ಬಂದಾಗ ಹಳೆಯ ಹಾಳೆಯ ನಕಲು ಮಾಡಿ, ಮುಗಿದ ಸಾಲುಗಳನ್ನು ಅಳಿಸಿ, ಹೊಸವನ್ನು ಸೇರಿಸುತ್ತಾರೆ. ಮೊದಲ ಎರಡು ತಿಂಗಳು ಚೆಂದ ಕಾಣುತ್ತದೆ. ಆಮೇಲೆ ಒಂದೇ ಕೆಲಸ ಜುಲೈ ಹಾಳೆಯಲ್ಲಿ ಬಾಕಿ, ಆಗಸ್ಟ್ ಹಾಳೆಯಲ್ಲಿ ಇಲ್ಲವೇ ಇಲ್ಲ. ಮುಗಿಯಿತೆಂದು ತೆಗೆದರೋ, ಅಳಿಸುವಾಗ ಕೈ ತಪ್ಪಿತೋ, ಫೈಲು ಹೇಳುವುದಿಲ್ಲ. ಹಿಂದಿನ ತಿಂಗಳು ನಾಲ್ಕನೆಯದಾಗಿದ್ದ ಕೆಲಸ ಈ ತಿಂಗಳು ಎರಡನೆಯದಾಗಿರುತ್ತದೆ, ಹಾಗಾಗಿ ಕ್ರಮಸಂಖ್ಯೆ ಹಿಡಿದು ಹುಡುಕಲೂ ಆಗುವುದಿಲ್ಲ.

ನಾನು ಇವತ್ತು ಹೇಳುವುದು ಇಷ್ಟೇ: ಬಾಕಿಯನ್ನು ಕೈಯಿಂದ ಮುಂದಕ್ಕೆ ಒಯ್ಯಬೇಡಿ. ಒಂದು ಕೆಲಸಕ್ಕೆ ಒಂದೇ ಸಾಲು, ಅದು ಹುಟ್ಟಿದ ದಿನದಿಂದ ಮುಗಿಯುವವರೆಗೆ ಅದೇ ಜಾಗದಲ್ಲಿ ಇರಲಿ. ಯಾವ ಸಭೆಗೆ ಯಾವ ಸಾಲು ಕಾಣಬೇಕು ಎಂಬುದನ್ನು ಸಭೆಯ ದಿನಾಂಕ ತೀರ್ಮಾನಿಸಲಿ. ನಿಮ್ಮ ನಗದು ಪುಸ್ತಕದಲ್ಲಿ ಆರಂಭಿಕ ಶಿಲ್ಕು ಇದೆಯಲ್ಲ, ಅದನ್ನು ನೀವು ನಿನ್ನೆಯ ಲೆಕ್ಕದಿಂದಲೇ ತರುತ್ತೀರಿ, ಮನಸ್ಸಿಗೆ ಬಂದ ಅಂಕಿ ಬರೆಯುವುದಿಲ್ಲ. ಬಾಕಿ ಕೆಲಸವೂ ಹಾಗೆಯೇ ಬರಬೇಕು.

ಫೈಲಿನಲ್ಲಿ ನಾಲ್ಕು ಹಾಳೆ. ಹೆಸರುಗಳನ್ನು Items, Log, Meetings, Agenda ಎಂದು ಇಂಗ್ಲಿಷಿನಲ್ಲೇ ಇಡಿ, ಸೂತ್ರ ಬರೆಯುವಾಗ ತಪ್ಪು ಕಡಿಮೆ. ಒಳಗಿನ ಬರಹವೆಲ್ಲ ಕನ್ನಡದಲ್ಲೇ ಇರಲಿ, ಆದರೆ ಯೂನಿಕೋಡಿನಲ್ಲಿ ಟೈಪ್ ಮಾಡಿ. ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದರೆ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಅಧ್ಯಕ್ಷರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಂಕಿ ಮಾತ್ರ 1, 2, 3 ಎಂದೇ ಇರಲಿ. ಕನ್ನಡ ಅಂಕಿಯಲ್ಲಿ ಬರೆದದ್ದನ್ನು ಎಕ್ಸೆಲ್ ಸಂಖ್ಯೆ ಎಂದು ಲೆಕ್ಕ ಹಿಡಿಯುವುದಿಲ್ಲ.

Items ಹಾಳೆಯಲ್ಲಿ ಏಳು ಕಾಲಂ. A ಕಾಲಂನಲ್ಲಿ ಕೆಲಸದ ಸಂಖ್ಯೆ, B ಯಲ್ಲಿ ಅದು ಹುಟ್ಟಿದ ಸಭೆಯ ದಿನಾಂಕ, C ಯಲ್ಲಿ ಕೆಲಸ, D ಯಲ್ಲಿ ಹೊಣೆ ಹೊತ್ತವರು, E ಯಲ್ಲಿ ಮೊದಲ ಗಡುವು, F ನಲ್ಲಿ ಈಗಿನ ಗಡುವು, G ಯಲ್ಲಿ ಮುಗಿದ ದಿನಾಂಕ. 'ಬಾಕಿ', 'ಮುಗಿದಿದೆ' ಎಂದು ಬರೆಯುವ ಕಾಲಂ ಇಲ್ಲ ಎಂಬುದನ್ನು ಗಮನಿಸಿ. ಬೇಕೆಂದೇ ಬಿಟ್ಟಿದ್ದೇನೆ. ಅದೊಂದನ್ನು ಇಟ್ಟರೆ ಒಂದು ದಿನ 'ಬಾಕಿ' ಎಂದು ಬರೆದ ಸಾಲಿನಲ್ಲೇ ಮುಗಿದ ದಿನಾಂಕವೂ ಇರುತ್ತದೆ, ಯಾವುದನ್ನು ನಂಬಬೇಕು ಎಂದು ಜಗಳ. G ಖಾಲಿ ಇದ್ದರೆ ಬಾಕಿ, ದಿನಾಂಕ ಇದ್ದರೆ ಮುಗಿದಿದೆ.

ಕೆಲಸದ ಸಂಖ್ಯೆಯನ್ನು ಕೈಯಿಂದಲೇ ಟೈಪ್ ಮಾಡಿ. ಕೆಲವರು ಜಾಣತನ ಮಾಡಿ `=ROW()-1` ಎಂದು ಹಾಕುತ್ತಾರೆ. ನಡುವಿನ ಒಂದು ಸಾಲು ಅಳಿಸಿದ ದಿನ ಕೆಳಗಿನ ಎಲ್ಲ ಸಂಖ್ಯೆ ಬದಲಾಗುತ್ತದೆ. ಆಗ ನಡಾವಳಿ ಪುಸ್ತಕದಲ್ಲಿ 'ಕೆಲಸ 14' ಎಂದು ಬರೆದದ್ದು ಬೇರೆ ಯಾವುದನ್ನೋ ತೋರಿಸುತ್ತದೆ. ಒಮ್ಮೆ ಕೊಟ್ಟ ಸಂಖ್ಯೆ ಆ ಕೆಲಸಕ್ಕೇ ಸೇರಿದ್ದು. ಕೆಲಸ ಕೈಬಿಟ್ಟರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ.

ಇನ್ನು Log. ಇದರಲ್ಲಿ ಮೂರೇ ಕಾಲಂ: A ಯಲ್ಲಿ ಸಭೆಯ ದಿನಾಂಕ, B ಯಲ್ಲಿ ಕೆಲಸದ ಸಂಖ್ಯೆ, C ಯಲ್ಲಿ ಆ ದಿನ ಹೇಳಿದ ಮಾತು. ಪ್ರತಿ ಸಭೆಯಲ್ಲೂ ಪ್ರತಿ ಬಾಕಿಗೆ ಒಂದು ಸಾಲು ಕೆಳಗೆ ಸೇರುತ್ತಾ ಹೋಗುತ್ತದೆ. ಹಳೆಯದನ್ನು ತಿದ್ದುವುದಿಲ್ಲ, ಕ್ರಮ ಬದಲಿಸುವುದಿಲ್ಲ. Meetings ಹಾಳೆಯಲ್ಲಿ ಸಭೆ ನಡೆದ ದಿನಾಂಕಗಳು, ಒಂದರ ಕೆಳಗೊಂದು, ಅಷ್ಟೇ.

Agenda ಹಾಳೆಯಲ್ಲಿ ನೀವು ಟೈಪ್ ಮಾಡುವುದು ಒಂದೇ ಸೆಲ್. B1 ನಲ್ಲಿ ಈ ಸಭೆಯ ದಿನಾಂಕ. ಮೂರನೇ ಸಾಲಿನಲ್ಲಿ ತಲೆಬರಹಗಳು. A4 ನಲ್ಲಿ ಈ ಸೂತ್ರ:

```
=FILTER(Items!A2:F500,
 (Items!A2:A500<>"")
 *(Items!B2:B500<$B$1)
 *((Items!G2:G500="")+(Items!G2:G500>=$B$1)))
```

ಗೂಗಲ್ ಶೀಟ್ಸ್‌ನಲ್ಲೂ ಹೊಸ ಎಕ್ಸೆಲ್‌ನಲ್ಲೂ ಇದೇ ನಡೆಯುತ್ತದೆ. ನಡುವಿನ ಗುಣಾಕಾರ ಎಂದರೆ ಎಲ್ಲ ಷರತ್ತೂ ಕೂಡಬೇಕು ಎಂದು. ಕೊನೆಯ ಆವರಣದೊಳಗಿನ ಕೂಡಿಸುವ ಚಿಹ್ನೆ ಎಂದರೆ ಎರಡರಲ್ಲಿ ಒಂದಾದರೂ ಸಾಕು ಎಂದು. ಕನ್ನಡದಲ್ಲಿ ಓದಿದರೆ ಹೀಗೆ: ಈ ಸಭೆಗಿಂತ ಮುಂಚೆ ಹುಟ್ಟಿದ, ಇನ್ನೂ ಮುಗಿಯದ, ಇಲ್ಲವೇ ಈ ಸಭೆಯಂದೇ ಅಥವಾ ಅದರ ನಂತರ ಮುಗಿದ ಕೆಲಸಗಳನ್ನು ತೋರಿಸು.

ಈ ಸೂತ್ರದಲ್ಲಿ ಎರಡು ಚಿಹ್ನೆಗಳ ಮೇಲೆ ಕಣ್ಣಿಡಿ. ಹುಟ್ಟಿದ ದಿನಾಂಕಕ್ಕೆ `<` ಇದೆ, ಸಮ ಚಿಹ್ನೆ ಇಲ್ಲ. ಇವತ್ತಿನ ಸಭೆಯಲ್ಲಿ ಹುಟ್ಟಿದ ಕೆಲಸ ಇವತ್ತಿನ ಬಾಕಿ ಪಟ್ಟಿಯಲ್ಲಿ ಬರಬಾರದು, ಮುಂದಿನದರಲ್ಲಿ ಬರಬೇಕು. ಮುಗಿದ ದಿನಾಂಕಕ್ಕೆ `>=` ಇದೆ, ಸಮವೂ ಸೇರಿದೆ. ಇವತ್ತಿನ ಸಭೆಯಲ್ಲಿ ಮುಗಿಯಿತೆಂದು ಒಪ್ಪಿದ ಕೆಲಸ ಇವತ್ತಿನ ಪಟ್ಟಿಯಲ್ಲಿ ಉಳಿಯಬೇಕು. ಸಭೆ ಮುಗಿದ ಮೇಲೆ G ತುಂಬಿ ಮತ್ತೆ ಪ್ರಿಂಟ್ ತೆಗೆದರೂ ಅದೇ ಸಾಲುಗಳು ಬರುತ್ತವೆ. ಹೀಗಾಗಿ ಮುಗಿದ ದಿನಾಂಕ ಎಂದರೆ ಕೆಲಸ ಆದ ದಿನವಲ್ಲ, ಆಯಿತೆಂದು ಸಭೆ ಒಪ್ಪಿದ ದಿನ. ನಡುವೆ ಯಾರಾದರೂ ಫೋನ್ ಮಾಡಿ 'ಆತ್ರಿ' ಎಂದರೆ G ಮುಟ್ಟಬೇಡಿ. ಮುಟ್ಟಿದರೆ ಅದು ಸಭೆಗೆ ಬರದೆಯೇ ಜಾರಿಹೋಗುತ್ತದೆ, ಆಡಳಿತ ಮಂಡಳಿ ಕೇಳಲೂ ಆಗುವುದಿಲ್ಲ.

ಒಂದು ಉದಾಹರಣೆ ಕಟ್ಟೋಣ. ನಮ್ಮ ಕಡೆಯ ಒಂದು ರೈತ ಉತ್ಪಾದಕ ಕಂಪನಿ ಎಂದಿಟ್ಟುಕೊಳ್ಳಿ, ಮುಂಗಾರು ಹೆಸರು ಅವರ ಮುಖ್ಯ ವ್ಯವಹಾರ. 2025ರ ಜೂನ್ 10ರ ಸಭೆಯಲ್ಲಿ ಮೂರು ಕೆಲಸ ಹುಟ್ಟಿದವು. ಒಂದು, ಗೋದಾಮಿನ ಪಡುವಣ ಕಡೆಯ ಶೀಟು ಬದಲಿಸುವುದು. ಎರಡು, ತೇವಾಂಶ ಅಳೆಯುವ ಮೀಟರ್ ರಿಪೇರಿ. ಖರೀದಿ ಕೇಂದ್ರದಲ್ಲಿ ಹೆಸರಿನ ತೇವಾಂಶ ಶೇ 12 ದಾಟಿದರೆ ಚೀಲ ವಾಪಸ್, ಆದ್ದರಿಂದ ಕಟಾವಿಗೆ ಮುಂಚೆ ಮೀಟರ್ ಬೇಕೇ ಬೇಕು. ಮೂರು, ಗೊಬ್ಬರ ಮಾರಾಟ ಪರವಾನಗಿಯ ಅರ್ಜಿ.

ಜುಲೈ 11ರ ಸಭೆ. B1 ನಲ್ಲಿ ಆ ದಿನಾಂಕ ಹಾಕಿದರೆ 1, 2, 3 ಮೂರೂ ಬಂದವು. ಅಂದು 3 ಮುಗಿಯಿತೆಂದು ಒಪ್ಪಿದರು, 4 ಹೊಸದಾಗಿ ಹುಟ್ಟಿತು: ಗೋಣಿಚೀಲಕ್ಕೆ ಮೂರು ಕಡೆಯಿಂದ ದರಪಟ್ಟಿ. ಆಗಸ್ಟ್ 12ರ ಸಭೆಗೆ B1 ಬದಲಿಸಿದೊಡನೆ 1, 2, 4 ಬಂದವು. ಯಾರೂ ಏನನ್ನೂ ನಕಲು ಮಾಡಲಿಲ್ಲ. ಅಂದು 2 ಮತ್ತು 4 ಮುಗಿದವು, 5 ಮತ್ತು 6 ಹುಟ್ಟಿದವು. ಸೆಪ್ಟೆಂಬರ್ 12ರ ಪಟ್ಟಿಯಲ್ಲಿ 1, 5, 6 ಬರಬೇಕು.

ಇಲ್ಲಿ ಶಿಲ್ಕಿನ ಲೆಕ್ಕ ಪೆನ್ಸಿಲ್ಲಿನಿಂದ ಮಾಡಿ. ಹಿಂದಿನ ಪಟ್ಟಿಯಲ್ಲಿ ಇದ್ದದ್ದು ಮೂರು, ಅಂದು ಮುಗಿದದ್ದು ಎರಡು ಕಳೆಯಿರಿ, ಅಂದು ಹುಟ್ಟಿದ್ದು ಎರಡು ಕೂಡಿಸಿ, ಮೂರು. ನಡಾವಳಿ ಪುಸ್ತಕ ಎದುರಿಗಿಟ್ಟುಕೊಂಡು ಮಾಡಿದರೆ ಅರ್ಧ ನಿಮಿಷದ ಕೆಲಸ. ಹಾಳೆಯಲ್ಲಿ ಬಂದ ಸಾಲುಗಳೂ ಮೂರೇ ಇರಬೇಕು. ನಮ್ಮ ಉದಾಹರಣೆಯಲ್ಲಿ ಎರಡೇ ಬಂದವು ಎನ್ನೋಣ. 5 ಕಾಣುತ್ತಿಲ್ಲ. Items ಹಾಳೆಗೆ ಹೋದರೆ 5 ಅಲ್ಲೇ ಇದೆ, G ಖಾಲಿಯೇ ಇದೆ. ಹಾಗಾದರೆ ಎಲ್ಲಿ ಹೋಯಿತು?

ದಿನಾಂಕವನ್ನು ನೋಡಿ. ನಾವು ಕಾಗದದ ಮೇಲೆ ಬರೆಯುವ ರೂಢಿಯಂತೆ 12.08.2025 ಎಂದು ಚುಕ್ಕಿ ಇಟ್ಟು ಹೊಡೆದಿದ್ದಾರೆ. ಎಕ್ಸೆಲ್‌ಗೆ ಅದು ದಿನಾಂಕವಲ್ಲ, ಬರೀ ಅಕ್ಷರಗಳ ಸಾಲು. ಹೋಲಿಸುವಾಗ ಎಕ್ಸೆಲ್ ಅಕ್ಷರವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದೆಂದು ಹಿಡಿಯುತ್ತದೆ, ದಿನಾಂಕ ಎಂದರೆ ಒಳಗೆ ಸಂಖ್ಯೆಯೇ. ಆದ್ದರಿಂದ 'ಈ ಸಭೆಗಿಂತ ಮುಂಚೆ ಹುಟ್ಟಿದ್ದು' ಎಂಬ ಷರತ್ತಿಗೆ 5 ಎಂದೂ ಹೊಂದುವುದಿಲ್ಲ. ತಪ್ಪಿನ ಸೂಚನೆ ಬರುವುದಿಲ್ಲ, ಕೆಂಪು ಬಣ್ಣ ಬರುವುದಿಲ್ಲ, ಕೆಲಸ ಸುಮ್ಮನೆ ಮಾಯ. ಈ ಇಡೀ ಏರ್ಪಾಡಿನಲ್ಲಿ ನನಗೆ ಅತಿ ಹೆಚ್ಚು ಅಂಜಿಕೆ ಇರುವುದು ಇದೊಂದರ ಬಗ್ಗೆಯೇ. ಅದೇ ತಪ್ಪು G ಕಾಲಂನಲ್ಲಾದರೆ ಉಲ್ಟಾ ಫಲ: ದಿನಾಂಕದ ಜಾಗದಲ್ಲಿ 'ಮುಗಿದಿದೆ' ಎಂದು ಬರೆದರೆ ಆ ಕೆಲಸ ಪ್ರತಿ ಸಭೆಗೂ ಬರುತ್ತಲೇ ಇರುತ್ತದೆ. ಅದು ಕಾಟ ಕೊಡುತ್ತದೆ, ಆದರೆ ಕಣ್ಣಿಗೆ ಬೀಳುತ್ತದೆ. B ಯಲ್ಲಿನ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಗುರುತಿಸುವುದು ಹೇಗೆ? ನೀವು ಅಲೈನ್‌ಮೆಂಟ್ ಬದಲಿಸಿರದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರವಾದದ್ದು ಎಡಕ್ಕೆ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ Agenda ಹಾಳೆಯ D1 ನಲ್ಲಿ ಇದನ್ನು ಇಡಿ:

```
=COUNTA(Items!A2:A500)-COUNT(Items!B2:B500)
```

ಸಂಖ್ಯೆ ಇರುವ ಸಾಲುಗಳೆಷ್ಟು, ಅವುಗಳಲ್ಲಿ ನಿಜವಾದ ದಿನಾಂಕ ಇರುವವೆಷ್ಟು, ಎರಡರ ವ್ಯತ್ಯಾಸ. ಸೊನ್ನೆ ಬರಬೇಕು. ಒಂದು ಬಂದರೆ ಒಂದು ಕೆಲಸ ಕಣ್ಮರೆಯಾಗಿದೆ ಎಂದರ್ಥ. B, E, F, G ಕಾಲಂಗಳಿಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ದಿನಾಂಕ ಮಾತ್ರ ಎಂದು ಕಟ್ಟಿಟ್ಟರೆ ಟೈಪ್ ಮಾಡುವಾಗಲೇ ತಡೆಯುತ್ತದೆ. ಆದರೆ ಬೇರೆ ಕಡೆಯಿಂದ ನಕಲು ಮಾಡಿ ತಂದು ಹಾಕಿದರೆ ಎಕ್ಸೆಲ್‌ನಲ್ಲಿ ಆ ತಡೆ ಹಿಡಿಯುವುದಿಲ್ಲ, ಆದ್ದರಿಂದ ಎರಡೂ ಇರಲಿ. ಗೂಗಲ್ ಶೀಟ್ಸ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಭಾರತ ಎಂದಿದೆಯೇ ನೋಡಿಕೊಳ್ಳಿ. ಅಮೆರಿಕ ಎಂದಿದ್ದರೆ 11/07/2025 ಎಂದು ಹೊಡೆದದ್ದು ನವೆಂಬರ್ 7 ಆಗುತ್ತದೆ. ಅದು ನಿಜವಾದ ದಿನಾಂಕವೇ ಆದ್ದರಿಂದ ಮೇಲಿನ ಪರೀಕ್ಷೆಗೆ ಸಿಗುವುದಿಲ್ಲ, ಪೆನ್ಸಿಲ್ ಲೆಕ್ಕಕ್ಕೆ ಮಾತ್ರ ಸಿಗುತ್ತದೆ. ತಿಂಗಳು Jul ಎಂದು ಅಕ್ಷರದಲ್ಲಿ ಕಾಣುವಂತೆ ಫಾರ್ಮ್ಯಾಟ್ ಇಟ್ಟರೆ ಈ ಗೊಂದಲ ಆಗಲೇ ಕಾಣುತ್ತದೆ.

ಪಟ್ಟಿಯ ಪಕ್ಕ ಎರಡು ಕಾಲಂ ಸೇರಿಸೋಣ. G4 ನಲ್ಲಿ ಆ ಕೆಲಸದ ಬಗ್ಗೆ ಕೊನೆಯ ಸಲ ಏನು ಹೇಳಿದ್ದರು ಎಂಬುದು, H4 ನಲ್ಲಿ ಇದು ಎಷ್ಟನೇ ಸಲ ಸಭೆಗೆ ಬರುತ್ತಿದೆ ಎಂಬುದು:

```
=IF(A4="","",XLOOKUP(A4,Log!$B$2:$B$2000,Log!$C$2:$C$2000,"",0,-1))
=IF(A4="","",COUNTIFS(Meetings!$A$2:$A$200,">"&B4,Meetings!$A$2:$A$200,"<="&$B$1))
```

ಎರಡನ್ನೂ ಐವತ್ತು ಸಾಲಿನಷ್ಟು ಕೆಳಗೆ ಎಳೆದುಬಿಡಿ. ಮೊದಲನೆಯದರಲ್ಲಿ ಕೊನೆಯ `-1` ಎಂದರೆ Log ಅನ್ನು ಕೆಳಗಿನಿಂದ ಮೇಲಕ್ಕೆ ಹುಡುಕು ಎಂದು. ಅದಕ್ಕೇ Log ನ ಕ್ರಮ ಬದಲಿಸಬೇಡಿ ಎಂದದ್ದು. ಎರಡನೆಯದು ಕೆಲಸ ಹುಟ್ಟಿದ ಮೇಲೆ ನಡೆದ ಸಭೆಗಳನ್ನು ಇವತ್ತಿನದೂ ಸೇರಿಸಿ ಎಣಿಸುತ್ತದೆ. ಇವತ್ತಿನ ದಿನಾಂಕವನ್ನು Meetings ನಲ್ಲಿ ಮೊದಲೇ ಬರೆದಿರಬೇಕು, ಇಲ್ಲದಿದ್ದರೆ ಎಣಿಕೆ ಒಂದು ಕಡಿಮೆ.

ಈಗ ಎಲ್ಲರಿಗೂ ಆಗುವ ಒಂದು ಆಸೆ. ಸಭೆ ನಡೆಯುತ್ತಿದೆ, ಪಟ್ಟಿ ಪರದೆಯ ಮೇಲಿದೆ, ಪಕ್ಕದ I ಕಾಲಂ ಖಾಲಿ ಇದೆ, ಅಲ್ಲೇ ಟಿಪ್ಪಣಿ ಹೊಡೆದುಬಿಡೋಣ ಎನಿಸುತ್ತದೆ. ಹೊಡೆಯಬೇಡಿ. ಪಟ್ಟಿಯ ಸಾಲುಗಳು ಸೂತ್ರದಿಂದ ಬಂದವು, ಟಿಪ್ಪಣಿ ನಿಮ್ಮ ಕೈಯದು. ಮುಂದಿನ ಸಭೆಗೆ ದಿನಾಂಕ ಬದಲಿಸಿದಾಗ ಸಾಲುಗಳು ಮೇಲೆ ಸರಿಯುತ್ತವೆ, ಟಿಪ್ಪಣಿ ಇದ್ದಲ್ಲೇ ಇರುತ್ತದೆ. ಗೊಬ್ಬರದ ಪರವಾನಗಿಗೆ ಬರೆದದ್ದು ಗೋಣಿಚೀಲದ ಪಕ್ಕ ಹೋಗಿ ಕೂರುತ್ತದೆ, ಓದಿದವರಿಗೆ ಅನುಮಾನವೂ ಬರುವುದಿಲ್ಲ. ಪ್ರಿಂಟ್ ತೆಗೆದು ಕೈಯಲ್ಲಿ ಬರೆದುಕೊಳ್ಳಿ, ಸಂಜೆ Log ಗೆ ಏರಿಸಿ. ಇನ್ನು ಪಟ್ಟಿ ಬರುವ A ಯಿಂದ F ವರೆಗಿನ ಜಾಗದಲ್ಲಿ ಏನಾದರೂ ಹೊಡೆದಿದ್ದರೆ ಇಡೀ ಪಟ್ಟಿ ಹೋಗಿ ಎಕ್ಸೆಲ್‌ನಲ್ಲಿ `#SPILL!`, ಗೂಗಲ್‌ನಲ್ಲಿ `#REF!` ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ, ಹೊಡೆದದ್ದನ್ನು ಅಳಿಸಿದರೆ ಪಟ್ಟಿ ವಾಪಸ್ ಬರುತ್ತದೆ.

Log ನಲ್ಲಿ ಏನು ಬರೆಯಬೇಕು ಎಂಬುದಕ್ಕೆ ಬರೋಣ. ನಮ್ಮ ಕಡೆ ಸಭೆಯಲ್ಲಿ ಯಾವ ಕೆಲಸ ಕೇಳಿದರೂ ಬರುವ ಉತ್ತರ 'ನಡದೈತ್ರಿ'. ಅದನ್ನೇ ಕಾರ್ಯದರ್ಶಿ 'ಪ್ರಗತಿಯಲ್ಲಿದೆ' ಎಂದು ಶುದ್ಧ ಮಾಡಿ ಬರೆಯುತ್ತಾರೆ. ಮುಂದಿನ ಸಭೆಯಲ್ಲಿ Agenda ಹಾಳೆಯ G ಕಾಲಂ ಅದನ್ನು ಎಲ್ಲರ ಮುಂದೆ ತೋರಿಸುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡು ಸಂಗತಿ ಬರೆಯಿರಿ: ಇಲ್ಲಿಯವರೆಗೆ ಏನಾಯಿತು, ಈಗ ಯಾರ ಕೈಯಲ್ಲಿ ನಿಂತಿದೆ. 'ಎರಡು ದರಪಟ್ಟಿ ಬಂದಿವೆ, ಮೂರನೆಯದು ಹುಬ್ಬಳ್ಳಿಯ ಅಂಗಡಿಯಿಂದ ಬರಬೇಕು.' ಇಷ್ಟಿದ್ದರೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ನಮ್ಮ ಉದಾಹರಣೆಯ ಕೆಲಸ 1 ನೋಡಿ. ಸೆಪ್ಟೆಂಬರ್ 12ಕ್ಕೆ H ಕಾಲಂನಲ್ಲಿ 3. ಮೊದಲ ಗಡುವು ಜೂನ್ 30, ಈಗಿನ ಗಡುವು ಎರಡು ಸಲ ಮುಂದೆ ಹೋಗಿ ಸೆಪ್ಟೆಂಬರ್ 10. E ಕಾಲಂ ಮುಟ್ಟಬೇಡಿ ಎನ್ನುವುದು ಇದಕ್ಕೇ. ಅದನ್ನೂ ತಿದ್ದಿದ್ದರೆ ಎರಡು ದಿನ ತಡವಾದ ಕೆಲಸದಂತೆ ಕಾಣುತ್ತಿತ್ತು. ಮೂರನೇ ಸಲ ಬಂದ ಕೆಲಸಕ್ಕೆ ಇನ್ನೊಂದು ದಿನಾಂಕ ಕೊಟ್ಟು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಬರೆದದ್ದು ಒಂದೇ ಸಾಲಾದರೂ ಒಳಗೆ ಮೂರು ಕೆಲಸ ಇರುವುದೇ ಬಹಳ ಸಲ ಕಾರಣ. ಶೀಟು ಬದಲಿಸುವುದೆಂದರೆ ದರಪಟ್ಟಿ ತರಬೇಕು, ಖರ್ಚಿಗೆ ಠರಾವು ಆಗಬೇಕು, ಆಮೇಲೆ ಮೇಸ್ತ್ರಿ ಹತ್ತಬೇಕು. ಹೊಣೆ ಹೊತ್ತ ನಿರ್ದೇಶಕರು ಠರಾವಿಗೆ ಕಾಯುತ್ತಿದ್ದಾರೆ, ಮಂಡಳಿ ದರಪಟ್ಟಿಗೆ ಕಾಯುತ್ತಿದೆ. ಆಗ 1ನ್ನು ಮುಗಿಸಿ, Log ನಲ್ಲಿ '7 ಮತ್ತು 8 ಆಗಿ ಒಡೆದಿದೆ' ಎಂದು ಬರೆಯಿರಿ. 7ರ ಕೆಲಸದ ಕಾಲಂನಲ್ಲಿ '(1ರಿಂದ) ಶೀಟಿಗೆ ಮೂರು ದರಪಟ್ಟಿ ತಂದು ಅಧ್ಯಕ್ಷರಿಗೆ ಕೊಡುವುದು' ಎಂದು ಬರೆಯಿರಿ. ಆವರಣದ ಆ ಗುರುತು ತಪ್ಪದೆ ಇರಲಿ, ಏಕೆಂದರೆ ಹೊಸ ಸಂಖ್ಯೆ ಬಂದೊಡನೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹಳೆಯ ಬಾಕಿಗೆ ಹೊಸ ಅಂಗಿ ತೊಡಿಸಿ ಎಣಿಕೆ ಇಳಿಸುವ ಕಳ್ಳದಾರಿಯೂ ಇದೇ. ಮಾಡುವುದೇ ಬೇಡ ಎನಿಸಿದರೆ ಕೈಬಿಡಿ, ಅದಕ್ಕೂ Items ಹಾಳೆಯ G ಯಲ್ಲಿ ದಿನಾಂಕ, Log ನಲ್ಲಿ ಕಾರಣ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಹಾವೇರಿ ಕಡೆಯ ಕಾರ್ಯದರ್ಶಿ ಅಕ್ಕ ಒಬ್ಬರು, 'ಸರ, ನಮ್ಮ ಕಂಪ್ಯೂಟರಿನಾಗ ಹಳೇ ಎಕ್ಸೆಲ್ ಐತ್ರಿ, ಈ FILTER ಹಾಕಿದ್ರ ಹೆಸರ ಗೊತ್ತಿಲ್ಲ ಅಂತೈತ್ರಿ' ಎಂದರು. ಹೌದು, 2016 ಮತ್ತು 2019ರ ಎಕ್ಸೆಲ್‌ನಲ್ಲಿ FILTER ಇಲ್ಲ, XLOOKUP ಕೂಡ ಇಲ್ಲ, 2021ರಿಂದ ಇವೆ. ಹಳೆಯದರಲ್ಲಿ Items ಹಾಳೆಯ H2 ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(AND(A2<>"",B2<Agenda!$B$1,OR(G2="",G2>=Agenda!$B$1)),1,0)
```

ಆಮೇಲೆ ಆ ಕಾಲಂಗೆ ಸಾಮಾನ್ಯ ಫಿಲ್ಟರ್ ಹಾಕಿ 1 ಇರುವವನ್ನು ಮಾತ್ರ ತೋರಿಸಿ, ಅಲ್ಲಿಂದಲೇ ಪ್ರಿಂಟ್ ತೆಗೆಯಿರಿ. ಒಂದೇ ಎಚ್ಚರಿಕೆ: ಈ ಫಿಲ್ಟರ್ ತಾನಾಗಿ ಬದಲಾಗುವುದಿಲ್ಲ. ದಿನಾಂಕ ಬದಲಿಸಿದ ಮೇಲೆ Data ಪಟ್ಟಿಯಲ್ಲಿ Reapply ಒತ್ತಬೇಕು, ಮರೆತರೆ ಹಿಂದಿನ ಸಭೆಯ ಪಟ್ಟಿಯೇ ಹೊಸ ದಿನಾಂಕ ಹೊತ್ತು ಪ್ರಿಂಟ್ ಆಗುತ್ತದೆ. ಎಣಿಕೆಯ COUNTIFS ಹಳೆಯದರಲ್ಲೂ ನಡೆಯುತ್ತದೆ, Items ಹಾಳೆಯಲ್ಲಿ ಹಾಕುವಾಗ A4, B4 ಬದಲು A2, B2 ಎಂದೂ `$B$1` ಬದಲು `Agenda!$B$1` ಎಂದೂ ಬರೆಯಿರಿ.

ಇನ್ನೊಬ್ಬರು ಕೇಳಿದ್ದು, ಇದಿದ್ದರೆ ನಡಾವಳಿ ಪುಸ್ತಕ ಯಾಕೆ ಬೇಕು ಎಂದು. ಬೇಕು. ಠರಾವು ಇರುವುದು ಪುಸ್ತಕದಲ್ಲಿ, ಸಹಿ ಬೀಳುವುದೂ ಅಲ್ಲಿಯೇ. ಈ ಹಾಳೆಯ ಪ್ರಿಂಟನ್ನು ಅನುಪಾಲನಾ ವರದಿಯಾಗಿ ಸಭೆಗೆ ಮಂಡಿಸಿ, ಠರಾವಿನ ಪಕ್ಕ ಕೆಲಸದ ಸಂಖ್ಯೆ ಬರೆದಿಡಿ. ಹಳೆಯ ಸಭೆಯೊಂದರ ದಿನಾಂಕವನ್ನು B1 ನಲ್ಲಿ ಹಾಕಿದರೆ ಅಂದು ಯಾವ ಕೆಲಸ ಬಾಕಿ ಇದ್ದವು ಎಂಬುದು ಸರಿಯಾಗಿಯೇ ಬರುತ್ತದೆ. ಆದರೆ ಈಗಿನ ಗಡುವು ಮತ್ತು ಕೊನೆಯ ಮಾತು ಮಾತ್ರ ಇವತ್ತಿನವೇ ಬರುತ್ತವೆ, ಅಂದಿನವಲ್ಲ. ಆಡಿಟರ್ ಹಳೆಯದನ್ನು ಕೇಳಿದರೆ ಅಂದಿನ ಸಹಿ ಇರುವ ಪ್ರಿಂಟನ್ನೇ ತೋರಿಸಿ, ಹೊಸದಾಗಿ ತೆಗೆದುಕೊಡಬೇಡಿ.